ಓದು ಬಾರದ ಹುಡುಗನನ್ನು ಅಳೆಯುವ ಬಗೆ

ಕಟಪಾಡಿಯಿಂದ ಶಿರ್ವದ ಕಡೆಗೆ ಒಳನಾಡಿಗೆ ತಿರುಗಿದ ದಾರಿಯಲ್ಲಿ ಶಂಕರಪುರವೆಂಬ ಊರುಂಟು. ಅಲ್ಲಿಯ ಮಲ್ಲಿಗೆಯ ಹೆಸರನ್ನು ಕೇಳದವರು ಕರಾವಳಿಯಲ್ಲಿ ವಿರಳ. ಬೆಳಗಿನಲ್ಲಿ ಕೊಯ್ದ ಮೊಗ್ಗುಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ, ಬಿಸಿಲು ಏರುವುದರೊಳಗೆ ಕಟ್ಟೆಗೆ ಮುಟ್ಟಿಸಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈ ಲೆಕ್ಕವನ್ನು ಅಲ್ಲಿಯ ಮಕ್ಕಳಿಗೆ ಯಾರೂ ಪಾಠವೆಂದು ಹೇಳಿಕೊಡುವುದಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತು ಹೂ ಎಣಿಸುತ್ತ ಎಣಿಸುತ್ತ ಅದು ತಾನಾಗಿ ಬರುತ್ತದೆ. ಮೂರು ಅಟ್ಟೆ ಒಂದು ಚೆಂಡಿಗೆ ಎಷ್ಟು ಹೂವೆಂದು ಕೇಳಿದರೆ, ಹತ್ತು ವರ್ಷದ ಹುಡುಗನೊಬ್ಬನು ನಾವು ಕಾಗದ ಹುಡುಕುವುದರೊಳಗೆ ಹತ್ತು ಸಾವಿರದ ನಾನೂರು ಎಂದುಬಿಡುತ್ತಾನೆ.

ಅದೇ ಹುಡುಗನ ಕೈಗೆ ಎರಡನೆಯ ತರಗತಿಯ ಪುಸ್ತಕವನ್ನು ಕೊಟ್ಟು ಒಂದು ಪುಟ ಓದೆಂದರೆ ಬೆವರುತ್ತಾನೆ. ಬೆರಳನ್ನು ಅಕ್ಷರದ ಕೆಳಗೆ ಊರಿಕೊಂಡು ಒಂದೊಂದನ್ನೇ ಎಳೆಯುತ್ತಾನೆ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತಿರುತ್ತದೆ. ಶಾಲೆಯಲ್ಲಿ ಅವನನ್ನು ಸೋಮಾರಿ ಎನ್ನುತ್ತಾರೆ. ಮನೆಯಲ್ಲಿ, ಮೊಬೈಲು ನೋಡಿ ಕೆಟ್ಟ ಎನ್ನುತ್ತಾರೆ. ಕೊನೆಗೆ ಯಾರೋ ಒಬ್ಬರು ಪರೀಕ್ಷೆ ಮಾಡಿಸಿ ಎಂದು ಸೂಚಿಸುತ್ತಾರೆ. ತಂದೆತಾಯಿಗಳು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ, ಎರಡು ಮೂರು ಸಲ ಅಲೆದು, ಐದಾರು ಪುಟಗಳ ಒಂದು ವರದಿಯನ್ನು ತರುತ್ತಾರೆ. ವರದಿಯ ತುಂಬ ಅಂಕಿಗಳು. ನಾವು ಭೌತಶಾಸ್ತ್ರವನ್ನು ಕಲಿಸುವವರಾದುದರಿಂದ, ಅಂಕಿ ಎಂದರೆ ಇವರಿಗೆ ಅರ್ಥವಾದೀತೆಂಬ ನಂಬಿಕೆಯಿಂದ, ನೆರೆಹೊರೆಯವರು ಅಂಥ ವರದಿಗಳನ್ನು ನಮ್ಮ ಬಳಿಗೆ ತರುವುದುಂಟು. ಮನಶ್ಶಾಸ್ತ್ರವು ನಮ್ಮ ವಿಷಯವಲ್ಲ. ಆದರೆ ಈ ವರದಿಯು ಒಂದು ಅಳತೆಯ ದಾಖಲೆ. ಯಾವ ಅಳತೆಗೂ ಒಂದು ಮಾನವಿದೆ, ಒಂದು ತಪ್ಪಿನ ಮಿತಿಯಿದೆ. ಅಷ್ಟನ್ನು ಹಿಡಿದುಕೊಂಡರೆ ವರದಿಯ ಹೆಚ್ಚಿನ ಭಾಗವನ್ನು ಯಾರಾದರೂ ಓದಬಹುದೆಂಬುದು ನಮ್ಮ ಅನುಭವ.

ಬುದ್ಧಿಯಿದ್ದೂ ಓದು ಬಾರದ ಮಕ್ಕಳಿರುವರೆಂಬುದು ಹೊಸ ಸುದ್ದಿಯಲ್ಲ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಆಂಗ್ಲ ವೈದ್ಯನು ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಬರೆದನು. ಆ ಹುಡುಗನು ಚುರುಕಾದವನು, ಆಟದಲ್ಲಿ ಯಾರಿಗೂ ಕಡಮೆಯಲ್ಲ, ಲೆಕ್ಕವನ್ನೂ ಬಲ್ಲ. ಬರೆದ ಪದ ಮಾತ್ರ ಅವನಿಗೆ ಒಗ್ಗಲಿಲ್ಲ. ಪಾಠವೆಲ್ಲವೂ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಮೊದಲಿಗನೆಂದು ಅವನ ಉಪಾಧ್ಯಾಯರು ಹೇಳಿದ್ದರಂತೆ. ನಮ್ಮ ದೇಶದ ಕಾನೂನು ಈ ಸ್ಥಿತಿಯನ್ನು ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಹೆಸರಿನಿಂದ ಅಂಗೀಕರಿಸಿದುದು ಅದಾಗಿ ನೂರಿಪ್ಪತ್ತು ವರ್ಷಗಳ ಮೇಲೆ, 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ. ‘ನಿರ್ದಿಷ್ಟ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಕಲಿಯುವ ಶಕ್ತಿಯೆಲ್ಲವೂ ಕುಂದಿದೆ ಎಂದು ಅದರ ಅರ್ಥವಲ್ಲ. ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದೋ ಎರಡೋ ಮಾತ್ರ, ಉಳಿದ ಶಕ್ತಿಗಳಿಂದ ನಾವು ನಿರೀಕ್ಷಿಸುವುದಕ್ಕಿಂತ ಬಹಳ ಕೆಳಗಿದೆ ಎಂದು ಅರ್ಥ. ಆದುದರಿಂದ ಪರೀಕ್ಷಿಸುವವರು ಎರಡು ಬಗೆಯ ಅಳತೆಗಳನ್ನು ಮಾಡಲೇಬೇಕಾಗುತ್ತದೆ: ಉಳಿದ ಶಕ್ತಿಗಳು ಎಷ್ಟಿವೆ, ಈ ಒಂದು ಎಷ್ಟಿದೆ.

ಇದಕ್ಕೂ ಮೊದಲು ಕಣ್ಣು ಮತ್ತು ಕಿವಿ. ಹಲಗೆಯ ಮೇಲಿನದು ಕಾಣದ ಮಗುವೂ, ಕಿವಿ ಸೋರಿ ಸೋರಿ ಅರ್ಧ ಕೇಳುವ ಮಗುವೂ ಓದಿನಲ್ಲಿ ಹಿಂದೆ ಬೀಳುತ್ತವೆ. ಅದು ಕಲಿಕಾ ನ್ಯೂನತೆಯಲ್ಲ. ಈ ಎರಡರ ಪರೀಕ್ಷೆ ನಡೆದ ಮಾತು ವರದಿಯಲ್ಲಿ ಇಲ್ಲದಿದ್ದರೆ ಮುಂದಿನ ಪುಟಗಳನ್ನು ಓದುವ ಮುನ್ನ ಅದನ್ನು ಕೇಳಿ ತಿಳಿದುಕೊಳ್ಳುವುದು ಒಳಿತು.

ಆಮೇಲೆ ಬರುವುದು ಐ.ಕ್ಯೂ. ಎಂದು ಎಲ್ಲರೂ ಹೇಳುವ ಬುದ್ಧಿಲಬ್ಧ. ನಮ್ಮಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಮಾಲಿನ್ ಎಂಬವರು ನಾಗಪುರದಲ್ಲಿದ್ದು ಭಾರತದ ಮಕ್ಕಳಿಗಾಗಿ ಹೊಂದಿಸಿದ ಪರೀಕ್ಷೆಯನ್ನು. ವರದಿಯಲ್ಲಿ ಅದನ್ನು ‘ಮಿಸಿಕ್’ ಎಂದು ಬರೆದಿರುತ್ತದೆ. ಇದರಲ್ಲಿ ಎರಡು ಪಾಲುಗಳು. ಮಾತಿನ ಪಾಲಿನಲ್ಲಿ ಸಾಮಾನ್ಯ ಜ್ಞಾನ, ಪದಗಳ ಅರ್ಥ, ಎರಡು ವಸ್ತುಗಳ ನಡುವಣ ಹೋಲಿಕೆ, ಬಾಯಿಲೆಕ್ಕ, ಕೇಳಿದ ಅಂಕೆಗಳನ್ನು ಅದೇ ಕ್ರಮದಲ್ಲಿಯೂ ಹಿಂದುಮುಂದಾಗಿಯೂ ಹೇಳುವುದು ಮೊದಲಾದುವಿರುತ್ತವೆ. ಕೆಲಸದ ಪಾಲಿನಲ್ಲಿ ಮಾತು ಬೇಕಿಲ್ಲ: ಬಣ್ಣದ ಘನಗಳನ್ನು ಜೋಡಿಸಿ ತೋರಿಸಿದ ಆಕೃತಿಯನ್ನು ಮಾಡಬೇಕು, ಚಿತ್ರದಲ್ಲಿ ಏನು ಕಾಣೆಯಾಗಿದೆಯೆಂದು ಹೇಳಬೇಕು, ತುಂಡುಗಳನ್ನು ಕೂಡಿಸಬೇಕು. ಓದುವ ಬರೆಯುವ ಗೋಜು ಈ ಎರಡರಲ್ಲಿಯೂ ಬಹುಮಟ್ಟಿಗೆ ಇಲ್ಲ. ಓದಲಾರದವನ ಬುದ್ಧಿಯನ್ನು ಓದಿಸಿ ಅಳೆಯುವುದು ನ್ಯಾಯವಲ್ಲವಷ್ಟೆ.

ಮೂರನೆಯದು ಓದು, ಬರಹ, ಲೆಕ್ಕಗಳದೇ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೂಪಿಸಿದ ಪರೀಕ್ಷಾಮಾಲೆಯು ಇದಕ್ಕೆ ದೇಶದ ಅನೇಕ ಕಡೆ ಬಳಕೆಯಲ್ಲಿದೆ. ಅದರಲ್ಲಿ ಮಗುವಿಗೆ ತರಗತಿಗೊಂದರಂತೆ ಗದ್ಯಭಾಗಗಳನ್ನು ಕೊಟ್ಟು, ಯಾವ ತರಗತಿಯದನ್ನು ಅದು ಸರಿಯಾಗಿ ಓದಿ ಅರ್ಥಮಾಡಿಕೊಳ್ಳಬಲ್ಲದೆಂದು ನೋಡುತ್ತಾರೆ, ಉಕ್ತಲೇಖನ ಬರೆಯಿಸುತ್ತಾರೆ, ಕೂಡುವ ಕಳೆಯುವ ಲೆಕ್ಕಗಳನ್ನು ಮಾಡಿಸುತ್ತಾರೆ. ತನ್ನ ತರಗತಿಗಿಂತ ಎರಡು ತರಗತಿ ಹಿಂದಿದ್ದರೆ ಅದನ್ನು ಗಂಭೀರವಾಗಿ ಎಣಿಸುವುದು ರೂಢಿ. ಇದಲ್ಲದೆ ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸಿದ್ಧವಾಗಿ 2015ರಲ್ಲಿ ಹೊರಬಂದ ‘ಡಾಲಿ’ ಎಂಬ ಪರೀಕ್ಷೆಯು ಹಿಂದಿ, ಮರಾಠಿ, ಇಂಗ್ಲಿಷ್‌ಗಳ ಜೊತೆಗೆ ಕನ್ನಡದಲ್ಲಿಯೂ ಉಂಟು.

ಇಲ್ಲಿ ಒಂದು ಉಪಾಯವನ್ನು ವಿವರಿಸದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಪರೀಕ್ಷಿಸುವವರು ಅರ್ಥವೇ ಇಲ್ಲದ ಪದಗಳ ಒಂದು ಪಟ್ಟಿಯನ್ನು ಕೊಡುತ್ತಾರೆ: ‘ದೋಬಲ’, ‘ಮುಟಗಿ’, ‘ತಿಸ್ಕನೆ’ ಎಂಬಂಥವು. ಇದೇನು ಹುಚ್ಚಾಟವೆಂದು ಒಬ್ಬ ತಾಯಿ ಕೇಳಿದ್ದುಂಟು. ಸಂಗತಿ ಹೀಗಿದೆ. ಜಾಣ ಮಗು ತನ್ನ ಕೊರತೆಯನ್ನು ಮುಚ್ಚಿಕೊಳ್ಳಲು ಪಾಠವನ್ನು ಬಾಯಿಪಾಠ ಮಾಡಿರುತ್ತದೆ. ಮೊದಲ ಅಕ್ಷರವನ್ನು ನೋಡಿ ಉಳಿದ ಪದವನ್ನು ಊಹಿಸುತ್ತದೆ. ಚಿತ್ರವನ್ನು ನೋಡಿ ಕಥೆಯನ್ನು ಹೇಳಿಬಿಡುತ್ತದೆ. ‘ದೋಬಲ’ವನ್ನು ಯಾರೂ ಬಾಯಿಪಾಠ ಮಾಡಿರುವುದಿಲ್ಲ, ಊಹಿಸುವುದೂ ಸಾಧ್ಯವಿಲ್ಲ. ಅದನ್ನು ಓದಬೇಕಾದರೆ ಅಕ್ಷರವನ್ನು ಧ್ವನಿಯಾಗಿ ಮಾಡುವ ಕೆಲಸವನ್ನೇ ಮಾಡಬೇಕು. ನೀರಿನಲ್ಲಿ ಬಣ್ಣವನ್ನು ಕಲಸಿ ಸೋರುವ ಕಡೆಯನ್ನು ಕಂಡುಹಿಡಿಯುವಂತೆ, ಈ ಪಟ್ಟಿಯು ದೋಷವಿರುವ ಜಾಗವನ್ನು ತೋರಿಸುತ್ತದೆ.

ಧ್ವನಿಗಳನ್ನು ಬಿಡಿಸುವ ಶಕ್ತಿಯನ್ನು ಬಾಯಿಮಾತಿನಲ್ಲಿಯೂ ಪರೀಕ್ಷಿಸುತ್ತಾರೆ. ‘ಮಲ್ಲಿಗೆ’ಯಲ್ಲಿ ‘ಗೆ’ಯನ್ನು ತೆಗೆದರೆ ಏನುಳಿಯುತ್ತದೆ ಎಂದು ಕೇಳಿದರೆ ಕನ್ನಡದ ಮಗು ಬೇಗ ಹೇಳುತ್ತದೆ, ನಮ್ಮ ಲಿಪಿಯ ಘಟಕವೇ ಅಂಥ ಇಡೀ ಅಕ್ಷರ. ಆದರೆ ‘ಕಾಲು’ ಎಂಬಲ್ಲಿ ‘ಆ’ಕಾರವನ್ನು ‘ಓ’ಕಾರ ಮಾಡೆಂದರೆ ಅಕ್ಷರದ ಒಳಗೆ ಕೈಹಾಕಿ ‘ಕೋಲು’ ಎನ್ನಬೇಕಾಗುತ್ತದೆ. ಇದು ಕಷ್ಟ. ಬೆಂಗಳೂರಿನ ಸೋನಾಲಿ ನಾಗ್ ಎಂಬ ಸಂಶೋಧಕಿಯು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡ ಓದಲು ಕಲಿಯುವ ಮಕ್ಕಳಿಗೆ ಈ ಸೂಕ್ಷ್ಮ ಧ್ವನಿಜ್ಞಾನವು ನಿಧಾನವಾಗಿಯೇ ಬರುವುದೆಂದೂ, ಅಕ್ಷರಗಳ ಪೂರ್ಣ ಪರಿಚಯವೇ ಶಾಲೆಯ ಮೊದಲ ಹಲವು ವರ್ಷಗಳವರೆಗೆ ನಡೆಯುತ್ತಿರುವುದೆಂದೂ ತೋರಿಸಿದ್ದಾರೆ. ಆಶ್ಚರ್ಯವೇನೂ ಇಲ್ಲ. ಕಾಗುಣಿತವನ್ನು ಲೆಕ್ಕಹಾಕಿದರೆ ನಾನೂರಕ್ಕೂ ಮೇಲ್ಪಟ್ಟ ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಕಲಿಯುವ ಅವಧಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ತರಗತಿಯ ಕನ್ನಡದ ಮಗುವನ್ನು ‘ಹಿಂದುಳಿದದ್ದು’ ಎನ್ನುವುದು ಅವಸರದ ಮಾತು.

ಇನ್ನೊಂದು ವ್ಯತ್ಯಾಸವೂ ಉಂಟು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನಲ್ಲಿ ಹಾಗಲ್ಲ. ಆದುದರಿಂದ ಓದಿನ ತೊಂದರೆಯುಳ್ಳ ಮಗುವು ಇಂಗ್ಲಿಷಿನಲ್ಲಿ ತಪ್ಪು ತಪ್ಪಾಗಿ ಓದಿದರೆ, ಕನ್ನಡದಲ್ಲಿ ಬಹುಮಟ್ಟಿಗೆ ಸರಿಯಾಗಿ, ಆದರೆ ಎತ್ತಿನ ಗಾಡಿ ಏರಿ ಹತ್ತುವಂತೆ ಓದಬಹುದು. ತಪ್ಪುಗಳನ್ನು ಮಾತ್ರ ಎಣಿಸಿದ ವರದಿಯಲ್ಲಿ ಕನ್ನಡ ಚೆನ್ನಾಗಿದೆಯೆಂದು ತೋರುತ್ತದೆ. ಹೊತ್ತನ್ನು ಅಳೆದಿದ್ದಾರೆಯೇ ಎಂದು ನೋಡಬೇಕು.

ಈಗ ಒಂದು ವರದಿಯನ್ನು ಮುಂದಿಟ್ಟುಕೊಳ್ಳೋಣ. ನಾವು ಕಂಡ ಮೂರು ನಾಲ್ಕು ವರದಿಗಳ ಅಂಶಗಳನ್ನು ಕೂಡಿಸಿ, ಅಂಕಿಗಳನ್ನು ಬದಲಿಸಿ ಹೆಣೆದ ಹುಡುಗನಿವನು. ಇಂಥವನೊಬ್ಬನು ಎಲ್ಲಿಯೂ ಇಲ್ಲ, ಇಂಥವರು ಬಹಳ ಮಂದಿ ಇದ್ದಾರೆ. ವಯಸ್ಸು ಹತ್ತು ವರ್ಷ ನಾಲ್ಕು ತಿಂಗಳು. ಐದನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಮನೆಯ ಮಾತು ತುಳು. ಕಣ್ಣು ಕಿವಿಗಳು ಸರಿಯಾಗಿವೆ. ಮಿಸಿಕ್‌ನಲ್ಲಿ ಮಾತಿನ ಪಾಲು 94, ಕೆಲಸದ ಪಾಲು 112, ಒಟ್ಟು 103. ಅಂಕೆಗಳನ್ನು ನೆನಪಿಟ್ಟು ಹೇಳುವ ಉಪಪರೀಕ್ಷೆಯಲ್ಲಿ 82. ಬಿಡಿ ಪದಗಳ ಓದಿನಲ್ಲಿ ಮಾನಕ ಅಂಕ 75, ಪರ್ಸೆಂಟೈಲ್ 5. ಅರ್ಥವಿಲ್ಲದ ಇಪ್ಪತ್ತು ಪದಗಳಲ್ಲಿ ಆರು ಸರಿ. ಇಂಗ್ಲಿಷ್ ಗದ್ಯದಲ್ಲಿ ಎರಡನೆಯ ತರಗತಿಯ ಮಟ್ಟ, ನಿಮಿಷಕ್ಕೆ 38 ಪದ. ಕನ್ನಡದಲ್ಲಿಯೂ ಎರಡನೆಯ ತರಗತಿಯ ಮಟ್ಟ. ತಪ್ಪು ಕಡಮೆ, ಒತ್ತಕ್ಷರಗಳಲ್ಲಿ ತಡವರಿಕೆ, ಬಹಳ ನಿಧಾನ. ಬಾಯಿಲೆಕ್ಕ ವಯಸ್ಸಿಗೆ ತಕ್ಕಂತೆ. ಬರೆದ ಸಮಸ್ಯೆಗಳಲ್ಲಿ ಸೋಲು, ಅವನ್ನೇ ಓದಿ ಹೇಳಿದರೆ ಉತ್ತರ ಸರಿ.

ತಂದೆಯ ಕಣ್ಣು ಮೊದಲು ಬಿದ್ದುದು 5ರ ಮೇಲೆ. “ಮಾಷ್ಟ್ರೇ, ನೂರಕ್ಕೆ ಬರೀ ಐದು ಮಾರ್ಕು ಅಂತ ಉಂಟಲ್ಲ, ಇನ್ನು ಇವನು ಎಂಥ ಓದುವುದು?” ಇದು ನಾವು ಎಲ್ಲರಿಂದಲೂ ಕೇಳಿದ ಪ್ರಶ್ನೆ. ಪರ್ಸೆಂಟೈಲ್ ಎಂಬುದು ಶೇಕಡಾ ಅಂಕವಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಓದಿನ ಬಲದ ಕ್ರಮದಲ್ಲಿ, ಎತ್ತರದ ಪ್ರಕಾರ ಡ್ರಿಲ್ಲಿಗೆ ನಿಲ್ಲಿಸಿದಂತೆ, ಸಾಲಾಗಿ ನಿಲ್ಲಿಸಿದರೆ ಈ ಹುಡುಗನು ಕೊನೆಯಿಂದ ಸುಮಾರು ಐದನೆಯವನು. ಅಷ್ಟೆ ಅದರ ಅರ್ಥ. ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಪದಗಳನ್ನು ಸರಿಯಾಗಿ ಓದಿದವನೂ ಐದನೆಯವನಾಗಿರಬಹುದು, ಉಳಿದವರು ಅದಕ್ಕಿಂತ ಹೆಚ್ಚು ಓದಿದ್ದರೆ. ಇದರಲ್ಲಿ ಮೂವತ್ತೈದಕ್ಕೆ ಪಾಸು ಎಂಬ ಗೆರೆಯೂ ಇಲ್ಲ. ಪರ್ಸೆಂಟೈಲ್ 50 ಎಂದರೆ ನಟ್ಟನಡುವೆ ನಿಂತವನು. ಅವನನ್ನು ನೋಡಿ ಅರ್ಧವೇ ಬಂತೆಂದು ಕೊರಗುವುದು ವ್ಯರ್ಥ.

ಮಾನಕ ಅಂಕವು ಅದೇ ಸ್ಥಾನವನ್ನು ಇನ್ನೊಂದು ಅಳತೆಗೋಲಿನಲ್ಲಿ ಹೇಳುತ್ತದೆ. ವಯಸ್ಸಿಗೆ ಸರಾಸರಿಯಾದದ್ದನ್ನು 100 ಎಂದು ಇಟ್ಟುಕೊಂಡು, ಮಾನಕ ವಿಚಲನೆಯನ್ನು 15 ಎಂದು ಮಾಡಿರುತ್ತಾರೆ. ಕಾಲೇಜಿನ ವಿದ್ಯಾರ್ಥಿಗಳು ಗಂಟೆಯಾಕಾರದ ವಕ್ರರೇಖೆಯನ್ನು ನೋಡಿರುತ್ತಾರೆ. 85ರಿಂದ 115ರ ನಡುವೆ ನೂರರಲ್ಲಿ ಅರವತ್ತೆಂಟು ಮಕ್ಕಳು ಸಿಗುತ್ತಾರೆ. 85 ಎಂದರೆ ಪರ್ಸೆಂಟೈಲ್ 16, 75 ಎಂದರೆ 5. ನಡುವೆ ಮಕ್ಕಳು ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಇರುವುದರಿಂದ, ನಡುವೆ ಒಂದೆರಡು ಅಂಕ ಸರಿದರೆ ಪರ್ಸೆಂಟೈಲ್ ಹಾರಿಬಿಡುತ್ತದೆ, ಅಂಚಿನಲ್ಲಿ ಐದು ಅಂಕ ಸರಿದರೂ ಅದು ಹೆಚ್ಚು ಕದಲುವುದಿಲ್ಲ. ಹೋಲಿಸುವಾಗ ಮಾನಕ ಅಂಕವನ್ನೇ ಹಿಡಿಯುವುದು ಮೇಲು.

ಇನ್ನು 103 ಎಂಬ ಒಟ್ಟು ಅಂಕ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಒಂದು ತಂತಿಯ ದಪ್ಪವನ್ನು ಒಂದೇ ಸಲ ಅಳೆದು ಬರೆದರೆ ನಾವು ಅದನ್ನು ಹಿಂದಕ್ಕೆ ಕೊಡುತ್ತೇವೆ. ತಪ್ಪಿನ ಮಿತಿ ಎಲ್ಲಿ ಎಂದು ಕೇಳುತ್ತೇವೆ. ಮನಸ್ಸಿನ ಅಳತೆಗೂ ಅದೇ ಪ್ರಶ್ನೆ. ಒಂದೇ ಪರೀಕ್ಷೆಯನ್ನು ಅದೇ ಮಕ್ಕಳಿಗೆ ಎರಡು ಸಲ ಕೊಟ್ಟಾಗ ಅಂಕಗಳು ಎಷ್ಟು ಒಪ್ಪುತ್ತವೆ ಎಂಬುದನ್ನು ವಿಶ್ವಾಸಾರ್ಹತೆ ಎಂಬ ಗುಣಾಂಕವು ಹೇಳುತ್ತದೆ. ಅದು 0.91 ಎಂದಿಟ್ಟುಕೊಳ್ಳೋಣ, ಇದು ಒಳ್ಳೆಯ ಗುಣಾಂಕ. ಒಂದರಿಂದ ಇದನ್ನು ಕಳೆದರೆ 0.09, ಅದರ ವರ್ಗಮೂಲ 0.3, ಅದನ್ನು 15ರಿಂದ ಗುಣಿಸಿದರೆ 4.5. ಇದು ಒಂದು ಅಳತೆಯ ಮಾನಕ ತಪ್ಪು. ನೂರಕ್ಕೆ ತೊಂಬತ್ತೈದು ಸಲ ಸರಿಯಾಗಬೇಕಾದರೆ ಇದರ ಎರಡರಷ್ಟನ್ನು, ಎಂದರೆ 9ನ್ನು, ಎರಡು ಕಡೆಗೂ ಬಿಡಬೇಕು. ಆದುದರಿಂದ 103 ಎಂದು ಬರೆದುದನ್ನು 94ರಿಂದ 112ರ ನಡುವೆ ಎಂದು ಓದತಕ್ಕದ್ದು. ಕೆಲವು ವರದಿಗಳಲ್ಲಿ ಈ ಅಂತರವನ್ನು ಬರೆದಿರುತ್ತಾರೆ, ಅನೇಕವುಗಳಲ್ಲಿ ಬರೆದಿರುವುದಿಲ್ಲ. ಉಪಪರೀಕ್ಷೆಗಳು ಚಿಕ್ಕವಾದುದರಿಂದ ಅವುಗಳ ತಪ್ಪಿನ ಮಿತಿ ಇನ್ನೂ ದೊಡ್ಡದು. ಒಂದೇ ಉಪಪರೀಕ್ಷೆಯ 82ನ್ನು ಕಂಡು ನೆನಪಿನ ಶಕ್ತಿಯೇ ಇಲ್ಲವೆಂದು ತೀರ್ಮಾನಿಸಲಾಗದು.

ಈ ತಪ್ಪಿನ ಮಿತಿಯು ಬರಿಯ ಪಾಂಡಿತ್ಯದ ಮಾತಲ್ಲ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಮಾರ್ಗಸೂಚಿಯಲ್ಲಿ, ಬುದ್ಧಿಲಬ್ಧವು 85ಕ್ಕಿಂತ ಮೇಲಿದ್ದವರನ್ನು ಮಾತ್ರ ಓದುಬರಹಗಳ ಪರೀಕ್ಷೆಗೆ ಕಳುಹಿಸಬೇಕೆಂದು ಇತ್ತು. 84 ಬಂದ ಮಗುವಿನ ನಿಜವಾದ ಬಲವು 75ರಿಂದ 93ರವರೆಗೆ ಎಲ್ಲಿಯಾದರೂ ಇರಬಹುದು. ಗೆರೆಯ ಆಚೆಗೋ ಈಚೆಗೋ ಎಂಬುದನ್ನು ಆ ದಿನದ ನಿದ್ದೆ, ಹಸಿವು, ಬಸ್ಸಿನ ಪ್ರಯಾಣ ಇವು ನಿರ್ಧರಿಸಿಬಿಡಬಹುದು. ಮಾರ್ಗಸೂಚಿಗಳು 2024ರಲ್ಲಿ ಪರಿಷ್ಕೃತವಾದುವು. ಪ್ರಮಾಣಪತ್ರ ಬೇಕಾದವರು ಈಗಿನ ನಿಯಮವನ್ನು ವೈದ್ಯಕೀಯ ಮಂಡಳಿಯಲ್ಲಿಯೇ ಕೇಳಬೇಕು. ಮನಶ್ಶಾಸ್ತ್ರಜ್ಞರ ವರದಿಯೇ ಸರ್ಕಾರದ ಪ್ರಮಾಣಪತ್ರವಲ್ಲ ಎಂಬುದೂ ನೆನಪಿರಲಿ. ಇದನ್ನು ತಿಳಿಯದೆ ವರದಿಯನ್ನು ಕಪಾಟಿನಲ್ಲಿಟ್ಟು, ಹತ್ತನೆಯ ತರಗತಿಯ ಪರೀಕ್ಷೆಗೆ ಒಂದು ತಿಂಗಳಿರುವಾಗ ಹೆಚ್ಚಿನ ಸಮಯ ಬೇಕೆಂದು ಓಡಾಡಿದವರನ್ನು ನಾವು ಬಲ್ಲೆವು.

ಹುಡುಗನ ಮಾತಿನ ಪಾಲಿಗೂ ಕೆಲಸದ ಪಾಲಿಗೂ 18 ಅಂಕಗಳ ಅಂತರವಿದೆಯಲ್ಲ, ಅದಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಎಂದು ನಮಗೆ ತೋರುತ್ತದೆ. ಶಂಕರಪುರದ ಒಂದೇ ಬೀದಿಯಲ್ಲಿ ತುಳು, ಕೊಂಕಣಿ, ಕನ್ನಡ ಮೂರೂ ಕೇಳಿಸುತ್ತವೆ. ಮಗುವು ಮನೆಯಲ್ಲಿ ತುಳುವಿನಲ್ಲಿ ಯೋಚಿಸಿ, ಅಂಗಡಿಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತದೆ. ಅದರ ಶಬ್ದಭಂಡಾರವು ಮೂರು ಪೆಟ್ಟಿಗೆಗಳಲ್ಲಿ ಹಂಚಿಹೋಗಿರುವಾಗ ಒಂದೇ ಪೆಟ್ಟಿಗೆಯನ್ನು ತೆರೆದು ತೂಗಿದರೆ ತೂಕ ಕಡಮೆಯಾಗಿಯೇ ಕಾಣುವುದು. ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳಿದರೆಂಬುದನ್ನು ವರದಿಯಲ್ಲಿ ಹುಡುಕಬೇಕು, ಇಲ್ಲದಿದ್ದರೆ ಕೇಳಬೇಕು. ನಮ್ಮ ಹುಡುಗನ 94 ಕೆಳಮಟ್ಟದ್ದೇನೂ ಅಲ್ಲ. ಆದರೆ ಅದು ಅವನ ಬುದ್ಧಿಯ ಅಳತೆಯೋ, ಇಂಗ್ಲಿಷಿನ ಪರಿಚಯದ ಅಳತೆಯೋ ಎಂಬುದು ಆ ಅಂಕಿಯಿಂದ ಮಾತ್ರ ತಿಳಿಯದು. ಮಾತು ಬೇಡದ ಕೆಲಸದ ಪಾಲಿನ 112 ಇಲ್ಲಿ ಹೆಚ್ಚು ನಂಬತಕ್ಕ ಸಾಕ್ಷಿ.

ಇದೇ ಕಾರಣದಿಂದ ಓದಿನ ಪರೀಕ್ಷೆಯನ್ನು ಎರಡು ಭಾಷೆಗಳಲ್ಲಿಯೂ ಮಾಡಿಸಬೇಕು. ಇಂಗ್ಲಿಷಿನಲ್ಲಿ ಮಾತ್ರ ಸೋತು ಕನ್ನಡದಲ್ಲಿ ಸರಾಗವಾಗಿ ಓದುವ ಮಗುವಿಗೆ ಬೇಕಾದುದು ಇಂಗ್ಲಿಷಿನ ಪಾಠ, ನ್ಯೂನತೆಯ ಹೆಸರಲ್ಲ. ಎರಡರಲ್ಲಿಯೂ ನಿಧಾನ, ಅರ್ಥವಿಲ್ಲದ ಪದಗಳಲ್ಲಿ ಸೋಲು, ಅದರೊಂದಿಗೆ ಬಾಯಿಲೆಕ್ಕವೂ ಘನಗಳ ಜೋಡಣೆಯೂ ಚೆನ್ನ: ಈ ನಾಲ್ಕೂ ಒಟ್ಟಿಗೆ ಬಂದಾಗ, ನಮ್ಮ ಹುಡುಗನ ವರದಿಯಲ್ಲಿ ಬಂದಂತೆ, ಓದಿನ ನಿರ್ದಿಷ್ಟ ತೊಂದರೆ ಎಂಬ ತೀರ್ಮಾನಕ್ಕೆ ಬಲ ಬರುತ್ತದೆ. ಲೆಕ್ಕದಲ್ಲಿ ಕಂಡ ಸೋಲು ಲೆಕ್ಕದ್ದಲ್ಲ, ಪ್ರಶ್ನೆಯನ್ನು ಓದಲಾರದ್ದು. ವರದಿಯ ಕೊನೆಯಲ್ಲಿ ‘ಓದು, ಬರಹ ಮತ್ತು ಗಣಿತದ ನ್ಯೂನತೆ’ ಎಂದು ಮೂರನ್ನೂ ಒಟ್ಟಿಗೆ ಬರೆದಿದ್ದರೆ ತಂದೆತಾಯಿಗಳು ವಿನಯದಿಂದಲೇ ಪ್ರಶ್ನಿಸಬಹುದು. ಒಮ್ಮೆ ಹಾಗೆ ಬರೆದಿದ್ದ ವರದಿಯೊಂದರ ಒಳಪುಟದಲ್ಲಿ ಮಗುವಿನ ಬಾಯಿಲೆಕ್ಕವು ಸರಾಸರಿಗಿಂತ ಮೇಲಿದ್ದುದನ್ನು ನಾವೇ ಕಂಡೆವು. ಕೊನೆಯ ಪುಟವನ್ನು ಮಾತ್ರ ಓದುವವರಿಗೆ ಇದು ತಿಳಿಯುವುದಿಲ್ಲ.

ಬುದ್ಧಿಲಬ್ಧದಿಂದ ಓದಿನ ಅಂಕವನ್ನು ಕಳೆದು, ಅಂತರ ದೊಡ್ಡದಾದರೆ ನ್ಯೂನತೆ ಎನ್ನುವ ಪದ್ಧತಿಯೊಂದು ಬಹುಕಾಲ ಇತ್ತು. ನಮ್ಮಲ್ಲಿ ಇನ್ನೂ ಕಾಣಿಸುತ್ತದೆ. 103ರಿಂದ 75 ಕಳೆದರೆ 28. ನೋಡಲು ಎಷ್ಟು ಚೊಕ್ಕ! ಆದರೆ ಎರಡು ಅಳತೆಗಳ ವ್ಯತ್ಯಾಸದಲ್ಲಿ ಎರಡರ ತಪ್ಪುಗಳೂ ಸೇರಿಕೊಳ್ಳುತ್ತವೆ ಎಂಬುದು ಪ್ರಯೋಗ ಮಾಡಿದವರಿಗೆಲ್ಲ ಗೊತ್ತು. ಅದಕ್ಕಿಂತ ದೊಡ್ಡ ತೊಡಕು, ಎರಡೂ ಒಂದೇ ಕಾರ್ಖಾನೆಯ ಉಷ್ಣಮಾಪಕಗಳಲ್ಲ. ಮಿಸಿಕ್‌ನ ಸರಾಸರಿಯನ್ನು ನಿರ್ಧರಿಸಿದುದು 1960ರ ದಶಕದ ಮಕ್ಕಳನ್ನು ನೋಡಿ. ಆಮೇಲೆ ಹಲವು ದೇಶಗಳಲ್ಲಿ ಇಂಥ ಪರೀಕ್ಷೆಗಳ ಅಂಕಗಳು ತಲೆಮಾರಿನಿಂದ ತಲೆಮಾರಿಗೆ ಏರುತ್ತ ಬಂದಿರುವುದು ಕಂಡುಬಂದಿದೆ. ಹಳೆಯ ಅಳತೆಗೋಲಿನಲ್ಲಿ ಇಂದಿನ ಮಗು ಇದ್ದುದಕ್ಕಿಂತ ಎತ್ತರವಾಗಿ ಕಾಣಬಹುದು. ಓದಿನ ಪರೀಕ್ಷೆಯೋ ಬೇರೆ ಕಾಲದ, ಬೇರೆ ಊರಿನ ಮಕ್ಕಳ ಸರಾಸರಿಯನ್ನು ಹಿಡಿದಿರುತ್ತದೆ. ಓದಿನಲ್ಲಿ ಸೋಲುವ ಮಕ್ಕಳಲ್ಲಿ ಬುದ್ಧಿಲಬ್ಧ ಹೆಚ್ಚಿರಲಿ ಕಡಮೆಯಿರಲಿ, ಧ್ವನಿಗಳನ್ನು ಬಿಡಿಸುವ ತೊಡಕು ಒಂದೇ ಬಗೆಯದೆಂದೂ ಸಂಶೋಧಕರು ಕಂಡಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ಕೈಪಿಡಿಯ ಐದನೆಯ ಆವೃತ್ತಿಯನ್ನು ಹೊರತಂದಾಗ ಈ ಕಳೆಯುವ ಲೆಕ್ಕವನ್ನು ಕೈಬಿಟ್ಟಿತು. ಅದರ ಬದಲು ಬೇರೊಂದನ್ನು ಕೇಳಿತು: ತಕ್ಕ ಸಹಾಯವನ್ನು ಕೊಟ್ಟು ಆರು ತಿಂಗಳಾದರೂ ತೊಂದರೆ ಉಳಿದಿದೆಯೇ?

ಇದು ಸರಿಯಾದ ಪ್ರಶ್ನೆಯೆಂದು ನಮಗೆ ತೋರುತ್ತದೆ. 2020ರಲ್ಲಿಯೂ 2021ರಲ್ಲಿಯೂ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗ ಅಕ್ಷರ ಕಲಿಯಬೇಕಾಗಿದ್ದ ಎಷ್ಟೋ ಮಕ್ಕಳು ಎರಡು ತರಗತಿಗಳಷ್ಟು ಹಿಂದೆ ಬಿದ್ದರು. ಮಾಧ್ಯಮ ಬದಲಿಸಿದ ಮಕ್ಕಳೂ, ಬಹುಕಾಲ ಕಾಯಿಲೆಯಿಂದ ಶಾಲೆ ತಪ್ಪಿಸಿಕೊಂಡವರೂ ಹಾಗೆಯೇ. ಒಂದು ದಿನದ ಪರೀಕ್ಷೆಯಲ್ಲಿ ಇವರ ಅಂಕಗಳು ನಮ್ಮ ಹುಡುಗನವುಗಳಂತೆಯೇ ಕಾಣಬಹುದು. ಕಲಿಸದೆ ಹಿಂದುಳಿದವನು ಕಲಿಸಿದರೆ ಬೇಗ ಹತ್ತುತ್ತಾನೆ. ನ್ಯೂನತೆಯುಳ್ಳವನು ಕಲಿಯುತ್ತಾನೆ, ಆದರೆ ನಿಧಾನವಾಗಿ. ಈ ವ್ಯತ್ಯಾಸವು ಒಂದು ಬಿಂದುವಿನಿಂದ ತಿಳಿಯುವುದಲ್ಲ; ರೇಖೆಯ ಇಳಿಜಾರನ್ನು ಕಾಣಲು ಎರಡು ಬಿಂದುಗಳಾದರೂ ಬೇಕು.

ಆದುದರಿಂದ ನಮ್ಮ ಹುಡುಗನಿಗೆ ದಿನವೂ ಅರ್ಧ ಗಂಟೆ ಕಾಗುಣಿತ, ಒತ್ತಕ್ಷರ, ಧ್ವನಿಗಳನ್ನು ಬಿಡಿಸಿ ಕೂಡಿಸುವ ಅಭ್ಯಾಸ ಇವನ್ನು ಕ್ರಮವಾಗಿ ಮಾಡಿಸಿ, ಒಂದು ವರ್ಷದ ಮೇಲೆ ಪುನಃ ಅಳೆದರೆಂದು ಇಟ್ಟುಕೊಳ್ಳೋಣ. ಹೊಸ ವರದಿಯಲ್ಲಿ ಬಿಡಿ ಪದಗಳ ಮಾನಕ ಅಂಕ 76. “ಒಂದು ವರ್ಷ ಕುತ್ತಿಗೆ ಕೊಟ್ಟು ಕೂರಿಸಿದೆವು ಮಾಷ್ಟ್ರೇ, ಏರಿದ್ದು ಒಂದೇ ಒಂದಾ?” ಎಂದು ತಾಯಿ ಕೇಳುವುದು ಸಹಜ. ತಪ್ಪಿನ ಮಿತಿಯನ್ನು ನೋಡಿದರೆ ಆ ಒಂದು ಕೂಡ ಏರಿತೆನ್ನುವಂತಿಲ್ಲ. ಆದರೆ ಮಾನಕ ಅಂಕವು ವಯಸ್ಸಿಗೆ ಹೋಲಿಸಿ ಹೇಳುವ ಮಾತು. ಸಾಲಿನಲ್ಲಿ ನಿಂತ ಉಳಿದ ತೊಂಬತ್ತೊಂಬತ್ತು ಮಕ್ಕಳೂ ಈ ವರ್ಷದಲ್ಲಿ ಮುಂದೆ ನಡೆದಿದ್ದಾರೆ. ಅವರೊಡನೆ ಸಮನಾಗಿ ಹೆಜ್ಜೆ ಹಾಕಿದವನಿಗೆ ಅಂಕವು ನಿಂತಲ್ಲಿಯೇ ನಿಂತಂತೆ ಕಾಣುತ್ತದೆ. ಅಭ್ಯಾಸವಿಲ್ಲದಿದ್ದರೆ ಅದು 70ಕ್ಕೆ ಇಳಿದಿರಬಹುದಾಗಿತ್ತು. ಹುಡುಗನು ನಿಜವಾಗಿ ಎಷ್ಟು ನಡೆದನೆಂಬುದು ಒಳಪುಟದ ಕಚ್ಚಾ ಅಂಕಗಳಲ್ಲಿ ಇರುತ್ತದೆ: ಇಪ್ಪತ್ತರಲ್ಲಿ ಆರು ಸರಿಯಾಗಿದ್ದ ಅರ್ಥವಿಲ್ಲದ ಪದಗಳು ಈಗ ಹನ್ನೊಂದು, ನಿಮಿಷಕ್ಕೆ 38 ಪದ ಓದುತ್ತಿದ್ದವನು ಈಗ 61.